ಹೊಸ ಗ್ರಂಥಾಲಯದ ಮೊದಲ ರ‍್ಯಾಕಿನಲ್ಲಿ ಏನಿರಬೇಕು?

(ತುಮಕೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಗ್ರಾಮ ಪಂಚಾಯಿತಿಯ ಹೊಸ ಗ್ರಂಥಾಲಯವನ್ನು ಉದ್ಘಾಟಿಸಿ ನಿವೃತ್ತ ಕನ್ನಡ ಪ್ರಾಧ್ಯಾಪಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ಒಳಗೆ ಹೋಗಿ ನೋಡಿ ಬಂದೆ. ಒಂದು ಕಬ್ಬಿಣದ ರ‍್ಯಾಕು, ಎರಡು ಮೇಜು, ಒಂದಷ್ಟು ಕುರ್ಚಿ ಇವೆ. ರ‍್ಯಾಕು ಖಾಲಿ ಇದೆ. 'ಸಾರ್, ಪುಸ್ತಕ ಇನ್ನೂ ಕೊಂಡಿಲ್ಲ, ಯಾವುದು ತರಬೇಕು ಅಂತ ನೀವೇ ಹೇಳಿಬಿಡಿ' ಎಂದು ಅಧ್ಯಕ್ಷರು ಸಂಕೋಚದಿಂದ ಹೇಳಿದರು. ಸಂಕೋಚ ಬೇಡ ಅಧ್ಯಕ್ಷರೇ. ತಪ್ಪು ಪುಸ್ತಕಗಳಿಂದ ತುಂಬಿದ ರ‍್ಯಾಕಿಗಿಂತ ಖಾಲಿ ರ‍್ಯಾಕು ಒಳ್ಳೆಯದು. ಇವತ್ತು ಗ್ರಂಥಾಲಯದ ಮಹಿಮೆಯನ್ನು ಹೇಳುವ ಭಾಷಣ ಮಾಡುವುದಿಲ್ಲ. ಆ ರ‍್ಯಾಕಿನ ಮೇಲೆ ಏನಿಡಬೇಕು, ಏನಿಡಬಾರದು, ಇಟ್ಟದ್ದು ಸರಿಯಾಯಿತೇ ಎಂದು ಹೇಗೆ ತಿಳಿಯುವುದು, ಇಷ್ಟನ್ನೇ ಹೇಳುತ್ತೇನೆ.

ಮೊದಲಿಗೆ ಈ ಆಯ್ಕೆ ನಿಮ್ಮದು ಎನ್ನುವುದು ಗೊತ್ತಿರಲಿ. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂದದ್ದು 1965ರಲ್ಲಿ. ಆ ಕಾಯ್ದೆಯಂತೆ ಮನೆ ಕಂದಾಯದ ಜೊತೆಗೆ ಗ್ರಂಥಾಲಯ ಕರ ಎಂದು ನೀವು ಹಣ ಕಟ್ಟುತ್ತೀರಿ. ರಸೀದಿ ತೆಗೆದು ನೋಡಿ, ಆ ಸಾಲು ಇರುತ್ತದೆ. ಹಳ್ಳಿಗಳ ಗ್ರಂಥಾಲಯಗಳು ಬಹಳ ಕಾಲ ಗ್ರಂಥಾಲಯ ಇಲಾಖೆಯ ಕೈಯಲ್ಲಿದ್ದವು. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಬೋರ್ಡಿನ ಮೇಲೆ 'ಅರಿವು ಕೇಂದ್ರ' ಎಂದು ಬರೆಸುತ್ತಾರೆ. ಅಂದರೆ ಪುಸ್ತಕ ಬೇಕು ಎಂದು ಕೇಳಲು ಜಿಲ್ಲೆಗೆ ಹೋಗಬೇಕಾಗಿಲ್ಲ, ನಿಮ್ಮ ಪಂಚಾಯಿತಿಯಲ್ಲೇ ಕೇಳಬಹುದು. ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪ ಕೇಳುವ ಹಾಗೆಯೇ ಪುಸ್ತಕದ ಪಟ್ಟಿಯನ್ನೂ ಕೇಳಬಹುದು.

ಹಳ್ಳಿ ಗ್ರಂಥಾಲಯಗಳು ಎಡವುವುದು ಶುರುವಿನಲ್ಲೇ. ರ‍್ಯಾಕು ಖಾಲಿ ಕಂಡರೆ ಎಲ್ಲರಿಗೂ ಅವಮಾನ ಅನ್ನಿಸುತ್ತದೆ. ಬೇಗ ತುಂಬಿಸಬೇಕು ಎಂದು ಹೊರಡುತ್ತಾರೆ. ಪೇಟೆಯಲ್ಲಿರುವ ನೆಂಟರು ಅಟ್ಟದ ಮೇಲಿದ್ದ ಹಳೆಯ ಗೈಡು, ಅರ್ಧ ಸಂಪುಟ, ಮಕ್ಕಳು ಓದಿ ಬಿಟ್ಟ ಎಂಜಿನಿಯರಿಂಗ್ ಪುಸ್ತಕ ಎಲ್ಲವನ್ನೂ ಮೂಟೆ ಕಟ್ಟಿ ಕಳಿಸುತ್ತಾರೆ. ಮಿಕ್ಕ ಜಾಗಕ್ಕೆ ದಪ್ಪ ದಪ್ಪ ಗ್ರಂಥಗಳು ಬರುತ್ತವೆ, ನೋಡಲು ಘನವಾಗಿರುತ್ತವೆ ಎಂದು. ಮೊದಲ ವಾರ ಊರಿನವರೆಲ್ಲ ಬಂದು ಕೈಯಾಡಿಸುತ್ತಾರೆ. ಎಂಟನೇ ತರಗತಿಯವರೆಗೆ ಓದಿ ಹೊಲದ ಕೆಲಸಕ್ಕೆ ಇಳಿದ ಒಬ್ಬ ಹುಡುಗ ಏಳುನೂರು ಪುಟದ ಪುಸ್ತಕವನ್ನು ಮನೆಗೆ ಒಯ್ಯುತ್ತಾನೆ, ಹತ್ತು ಪುಟ ಓದುತ್ತಾನೆ, ತಂದು ಇಡುತ್ತಾನೆ. 'ನನಗೆ ಓದುವುದು ಆಗಿಬರುವುದಿಲ್ಲ' ಎಂದು ಅವನೇ ತೀರ್ಮಾನ ಮಾಡಿಕೊಳ್ಳುತ್ತಾನೆ. ಆಮೇಲೆ ಅವನು ಪೇಪರ್ ನೋಡಲು ಮಾತ್ರ ಬರುತ್ತಾನೆ. ಕಷ್ಟ ಇದ್ದದ್ದು ಆ ಪುಸ್ತಕ ಅವನ ಕೈಗೆ ಸಿಕ್ಕ ಹೊತ್ತಿನಲ್ಲಿ. ಹುಡುಗನಲ್ಲೂ ದೋಷವಿಲ್ಲ, ಪುಸ್ತಕದಲ್ಲೂ ಇಲ್ಲ.

ಹಾಗಾಗಿ ಮೊದಲ ರ‍್ಯಾಕಿಗೆ ನಾನು ಇಡುವ ಅಳತೆಗೋಲು ಒಂದೇ. ಆ ಪುಸ್ತಕವನ್ನು ಒಬ್ಬರು ಮನೆಗೆ ಒಯ್ದು, ಪೂರ್ತಿ ಓದಿ, ಹದಿನೈದು ದಿನದೊಳಗೆ ತಂದುಕೊಡುವಂತಿರಬೇಕು. ಹೋಗಿ ಬರುವ ಪುಸ್ತಕ ಮೊದಲು, ಇದ್ದಲ್ಲೇ ಇರುವ ಪುಸ್ತಕ ಆಮೇಲೆ.

ಜಾಗದ ಲೆಕ್ಕ ನೋಡೋಣ. ನಿಮ್ಮ ರ‍್ಯಾಕು ಮೂರಡಿ ಅಗಲ ಇದೆ, ಐದು ಖಾನೆ ಇವೆ. ನೂರೈವತ್ತು-ಇನ್ನೂರು ಪುಟದ ಪುಸ್ತಕ ಸುಮಾರು ಅರ್ಧ ಅಂಗುಲ ದಪ್ಪ ಇರುತ್ತದೆ. ಒತ್ತಿ ತುಂಬಿದರೆ ಒಂದು ಖಾನೆಗೆ ಎಪ್ಪತ್ತು ಹಿಡಿಯುತ್ತವೆ. ಒತ್ತಬೇಡಿ. ನಲವತ್ತೈದು, ಐವತ್ತಕ್ಕೆ ನಿಲ್ಲಿಸಿ. ಒತ್ತಿಟ್ಟ ಪುಸ್ತಕವನ್ನು ಎಳೆಯುವಾಗ ಬೆನ್ನು ಹರಿಯುತ್ತದೆ, ಗಾಳಿಯಾಡದೆ ಹುಳು ಬೀಳುತ್ತದೆ, ಹೊಸದು ಬಂದರೆ ಇಡಲು ಜಾಗವಿರುವುದಿಲ್ಲ. ಹೀಗಾಗಿ ಇಡೀ ರ‍್ಯಾಕಿಗೆ ಇನ್ನೂರು ಚಿಲ್ಲರೆ ಪುಸ್ತಕ ಸಾಕು. ಇಷ್ಟೇ ಆದ್ದರಿಂದ ಒಂದೊಂದನ್ನೂ ಯೋಚಿಸಿ ಆರಿಸಬಹುದು.

ಕಣ್ಣಿನ ಎತ್ತರಕ್ಕೆ ಬರುವ ಖಾನೆ ಅತ್ಯಂತ ಬೆಲೆಯುಳ್ಳ ಜಾಗ. ಒಳಗೆ ಬಂದವರು ಮೊದಲು ಕೈ ಹಾಕುವುದು ಅಲ್ಲಿಗೆ. ಅಲ್ಲಿ ತೆಳ್ಳಗಿನ ಕಾದಂಬರಿ, ಆತ್ಮಕಥೆಗಳಿರಲಿ. ಕನ್ನಡದ ಭಾಗ್ಯ ಏನೆಂದರೆ ನಮ್ಮ ದೊಡ್ಡ ಲೇಖಕರು ಅನೇಕರು ಸಣ್ಣ ಪುಸ್ತಕಗಳನ್ನೂ ಬರೆದಿದ್ದಾರೆ. ತೆಳ್ಳಗಿದೆ ಎಂದರೆ ಹಗುರ ಎಂದಲ್ಲ.

ಶಿವರಾಮ ಕಾರಂತರ 'ಚೋಮನ ದುಡಿ' 1933ರದು. ಜೀತದಲ್ಲಿ ಬೆಂದ ಚೋಮನಿಗೆ ಒಂದೇ ಆಸೆ, ತಾನೂ ಒಂದು ತುಂಡು ಹೊಲ ಉಳಬೇಕು ಎಂದು. ಭೂಮಿಯ ಆಸೆ ಏನೆಂದು ಈ ಊರಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಒಂದೆರಡು ರಾತ್ರಿಯಲ್ಲಿ ಓದಿ ಮುಗಿಸಬಹುದು. ದೇವನೂರ ಮಹಾದೇವರ 'ಒಡಲಾಳ' ಇನ್ನೂ ಚಿಕ್ಕದು. ಸಾಕವ್ವ ಕಾಣೆಯಾದ ತನ್ನ ಹುಂಜವನ್ನು ಹುಡುಕುತ್ತಾಳೆ, ಮನೆಯವರೆಲ್ಲ ಸೇರಿ ರಾತ್ರಿ ಕಡಲೆಕಾಯಿ ತಿನ್ನುತ್ತಾರೆ, ಕಳುವಾದ ಕಡಲೆಕಾಯಿಯನ್ನು ಹುಡುಕಿಕೊಂಡು ಪೊಲೀಸರು ಬರುತ್ತಾರೆ. ಅದರ ಮಾತು ಆಡುಮಾತು. ಮೌನವಾಗಿ ಓದಿದಾಗ ತೊಡಕು ಅನ್ನಿಸಿದವರು ಗಟ್ಟಿಯಾಗಿ ಓದಿಕೊಳ್ಳಲಿ, ತಾನೇ ಬಿಚ್ಚಿಕೊಳ್ಳುತ್ತದೆ.

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಬಂದದ್ದು 1980ರಲ್ಲಿ. ಒಂದೇ ಒಂದು ಪುಸ್ತಕಕ್ಕೆ ದುಡ್ಡಿದೆ ಎಂದಾದರೆ ನಾನು ಇದನ್ನೇ ಕೊಳ್ಳುತ್ತೇನೆ. ಕತೆ ಹೇಳುವವನು ಒಬ್ಬ ಬೆಳೆಗಾರ. ಶುರುವಾಗುವುದೇ ಮೂಡಿಗೆರೆಯಲ್ಲಿ ಜೇನುತುಪ್ಪ ಕೊಳ್ಳಲು ಹೋಗುವುದರಿಂದ. ಊರಿನವರು ಕೆಲಸಕ್ಕೆ ಬಾರದವನು ಎಂದುಕೊಂಡ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಒಬ್ಬ ಹುಟ್ಟು ಸಂಶೋಧಕನನ್ನು ಕಾಣುತ್ತಾರೆ, ಎಲ್ಲರೂ ಸೇರಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೊರಡುತ್ತಾರೆ. ಕಾದಂಬರಿ ಓದಿ ಗೊತ್ತೇ ಇಲ್ಲದ ವಿದ್ಯಾರ್ಥಿಗಳಿಗೆ ನಾನು ಮೊದಲು ಕೊಡುತ್ತಿದ್ದದ್ದು ಇದನ್ನು. ಓದಿ ತಂದವರು 'ಇಂಥದ್ದೇ ಇನ್ನೊಂದು ಕೊಡಿ' ಎಂದು ಕೇಳುತ್ತಿದ್ದರು. ಹಾಗೆ ಕೇಳುವವರಿಗಾಗಿ ಪಕ್ಕದಲ್ಲೇ 'ಪರಿಸರದ ಕತೆ' ಇಡಿ.

ತಾಯಂದಿರಿಗೆ ಒಂದು ಮಾತು. ಗ್ರಂಥಾಲಯ ಎಂದರೆ ಗಂಡಸರು ಪೇಪರ್ ಓದುವ ಕಟ್ಟೆ ಎಂದು ನೀವು ಈ ಕಡೆ ತಲೆಹಾಕದೆ ಇರಬಹುದು. ಆದರೆ ಕನ್ನಡದಲ್ಲಿ ಕಾದಂಬರಿಗಳನ್ನು ಕೈಯಿಂದ ಕೈಗೆ ದಾಟಿಸಿ, ಬೆನ್ನು ಹರಿಯುವವರೆಗೆ ಓದಿ ಉಳಿಸಿದವರಲ್ಲಿ ಹೆಂಗಸರೇ ಹೆಚ್ಚು. ತ್ರಿವೇಣಿಯವರ 'ಬೆಳ್ಳಿಮೋಡ', 'ಶರಪಂಜರ' ಇರಲಿ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಖಂಡಿತ ಇರಲಿ. 1976ರಲ್ಲಿ ಬಂದದ್ದು, ಬಾಲವಿಧವೆಯೊಬ್ಬಳ ನಿಜವಾದ ಬದುಕನ್ನು ಆಧರಿಸಿದ್ದು. ತಲೆ ಬೋಳಿಸಿಕೊಂಡು ಮಡಿಯಲ್ಲೇ ಬದುಕು ಕಳೆದ ಆ ಹೆಂಗಸು, ಹೆರಿಗೆ ಕಷ್ಟವಾದಾಗ ಜಾತಿ ನೋಡದೆ ಹೋಗಿ ಮಗುವನ್ನು ಹೊರತೆಗೆಯುತ್ತಾಳೆ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಮನೆಮಾತಾದ ಸಣ್ಣ ಕಾದಂಬರಿ. ಬಾನು ಮುಷ್ತಾಕ್ ಅವರ ಕತೆಗಳಿರಲಿ. ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ನಾವು ಮೂಲದಲ್ಲೇ ಓದಬಲ್ಲ ಪುಣ್ಯವಂತರು. ಗ್ರಂಥಾಲಯಕ್ಕೆ ಬರಲು ಬಿಡುವಿಲ್ಲದಿದ್ದರೆ ಮಕ್ಕಳ ಕೈಲಿ ಪುಸ್ತಕ ತರಿಸಿಕೊಳ್ಳಿ. ಮೇಲ್ವಿಚಾರಕರಿಗೂ ಹೇಳುತ್ತೇನೆ, ಮಗು ಬಂದು 'ಅಮ್ಮನಿಗೆ' ಎಂದು ಕೇಳಿದರೆ ಇಲ್ಲ ಅನ್ನಬೇಡಿ, ಅಮ್ಮನ ಹೆಸರಿನಲ್ಲೇ ಕಾರ್ಡು ಮಾಡಿಕೊಡಿ.

ಸಿದ್ದಲಿಂಗಯ್ಯನವರ 'ಊರುಕೇರಿ'ಯೂ ಇದೇ ಖಾನೆಗೆ ಸೇರಬೇಕಾದ್ದು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿ ಬೆಂಗಳೂರಿನ ಕೇರಿಯಲ್ಲಿ ಬೆಳೆದ ಹುಡುಗನ ಆತ್ಮಕಥೆ ಅದು. ಹಸಿವು, ಅವಮಾನಗಳನ್ನು ಹೇಳುತ್ತಲೇ ನಗಿಸುತ್ತದೆ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಎಲ್ಲಿ ಹೋಯಿತು ಎಂದು ಮೇಷ್ಟ್ರು ಮುಖ ನೋಡುತ್ತಿದ್ದಾರೆ. 1967ರ ಆ ಕಾದಂಬರಿ ನನ್ನ ಪ್ರೀತಿಯ ಪುಸ್ತಕ, ಅದಕ್ಕೇ ಅದನ್ನು ಕಾಯಿಸುತ್ತೇನೆ. ಏಳುನೂರು ಪುಟ, ನೂರಾರು ಪಾತ್ರಗಳು. ಹತ್ತು ಸಣ್ಣ ಪುಸ್ತಕ ಓದಿದವರು ಅದನ್ನು ತಾವಾಗಿ ಕೇಳಿಕೊಂಡು ಬರುತ್ತಾರೆ. ಆಗ ತರಿಸಿ.

ಇನ್ನೊಂದು ಮುಖ್ಯವಾದ ವಿಷಯ. ಐವತ್ತು ಬೇರೆ ಬೇರೆ ಪುಸ್ತಕಗಳನ್ನು ಒಂದೊಂದರಂತೆ ಕೊಳ್ಳುವ ಬದಲು, ಈ ಖಾನೆಗೆ ಹದಿನೈದು ಶೀರ್ಷಿಕೆ ಆರಿಸಿ ಮೂರು ಮೂರು ಪ್ರತಿ ಕೊಳ್ಳಿ. ಲೆಕ್ಕಪತ್ರ ನೋಡುವವರಿಗೆ ಇದು ದಂಡ ಅನ್ನಿಸುತ್ತದೆ. ಆದರೆ ಹಳ್ಳಿಯಲ್ಲಿ ಓದು ಹರಡುವುದು ಮಾತಿನಿಂದ. ಒಂದೇ ಪುಸ್ತಕವನ್ನು ಮೂರು ಮನೆಯಲ್ಲಿ ಒಂದೇ ಸಮಯಕ್ಕೆ ಓದುತ್ತಿದ್ದರೆ ನಲ್ಲಿ ಹತ್ತಿರ, ಡೇರಿ ಹತ್ತಿರ ಅದರ ಮಾತು ಬರುತ್ತದೆ. 'ನಿಂದು ಎಲ್ಲಿಗೆ ಬಂತು? ಚೋಮ ಏನಾದ?' ಎಂದು ಒಬ್ಬರು ಕೇಳಿದರೆ ನಾಲ್ಕನೆಯವರು ಬಂದು ಹೆಸರು ಬರೆಸುತ್ತಾರೆ. ಒಂದೇ ಪ್ರತಿ ಇದ್ದರೆ ಅದು ಒಬ್ಬರ ಮನೆಯಲ್ಲಿ ಕೂತುಬಿಡುತ್ತದೆ, ಮಾತು ಹುಟ್ಟುವುದೇ ಇಲ್ಲ.

ಮಕ್ಕಳೇ, ನಿಮ್ಮ ಖಾನೆ ಕೆಳಗಿನದು. ನೆಲದಿಂದ ಅರ್ಧ ಅಡಿ ಮೇಲೆ, ಕೂತು ಎಳೆದುಕೊಳ್ಳುವ ಹಾಗೆ. ಮಕ್ಕಳ ಪುಸ್ತಕಕ್ಕೆ ಬೆನ್ನು ಇರುವುದೇ ಇಲ್ಲ, ಎರಡು ಪಿನ್ನು ಹೊಡೆದಿರುತ್ತಾರೆ. ಸಾಲಾಗಿ ನಿಲ್ಲಿಸಿದರೆ ಹೆಸರು ಕಾಣುವುದಿಲ್ಲ. ಅದಕ್ಕೆ ಗೋಡೆಯುದ್ದಕ್ಕೂ ಒಂದು ದಾರ ಕಟ್ಟಿ, ಮುಖಪುಟ ಕಾಣುವಂತೆ ತೂಗುಹಾಕಬೇಕು, ಮಿಕ್ಕವನ್ನು ಖಾನೆಯಲ್ಲಿ ಇಡಬೇಕು. ತೂಗುಹಾಕಿದ್ದನ್ನು ವಾರಕ್ಕೊಮ್ಮೆ ಬದಲಿಸಬೇಕು.

ಮಕ್ಕಳ ಪುಸ್ತಕದಲ್ಲಿ ವಯಸ್ಸಿಗಿಂತ ಓದಿನ ಮಟ್ಟ ಮುಖ್ಯ. ಐದನೇ ತರಗತಿಯ ಎಲ್ಲ ಮಕ್ಕಳೂ ಒಂದೇ ಸಲೀಸಾಗಿ ಓದುವುದಿಲ್ಲ ಎಂದು ಇಲ್ಲಿರುವ ಮೇಷ್ಟ್ರುಗಳಿಗೆ ನನಗಿಂತ ಚೆನ್ನಾಗಿ ಗೊತ್ತು. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್ ತನ್ನ ಪುಸ್ತಕಗಳ ಮೇಲೆ ಒಂದರಿಂದ ನಾಲ್ಕರವರೆಗೆ ಮಟ್ಟವನ್ನು ಅಚ್ಚು ಹಾಕುತ್ತದೆ. ಒಂದನೇ ಮಟ್ಟದಲ್ಲಿ ಪುಟಕ್ಕೊಂದು ಸಾಲು, ದೊಡ್ಡ ಚಿತ್ರ. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಸಾಕಷ್ಟು ಉದ್ದದ ಕತೆ. ಬೆಲೆಯೂ ಕಡಿಮೆ. ಒಂದು ಮತ್ತು ಎರಡನೇ ಮಟ್ಟದವನ್ನು ಹೆಚ್ಚಾಗಿ ಕೊಳ್ಳಿ, ಏಕೆಂದರೆ ಓದಲು ತಿಣುಕುವ ದೊಡ್ಡ ಹುಡುಗರೂ ತಮ್ಮ ತಂಗಿಗೆ ಓದಿಹೇಳುವ ನೆವದಲ್ಲಿ ಅದನ್ನೇ ಓದುತ್ತಾರೆ. ಹಾಗೆ ಓದಲು ಬಿಡಿ, 'ಇದು ಚಿಕ್ಕವರದು' ಎಂದು ಕಿತ್ತುಕೊಳ್ಳಬೇಡಿ. ನ್ಯಾಷನಲ್ ಬುಕ್ ಟ್ರಸ್ಟಿನ ಕನ್ನಡ ಚಿತ್ರಪುಸ್ತಕಗಳಿವೆ. ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳಿವೆ. ಸಲೀಸಾಗಿ ಓದುವವರಿಗೆ ಡಾಕ್ಟರ್ ಆಗಿದ್ದ ಅನುಪಮಾ ನಿರಂಜನ ಬರೆದ 'ದಿನಕ್ಕೊಂದು ಕಥೆ' ತರಿಸಿ. ತಿಂಗಳಿಗೊಂದರಂತೆ ಹನ್ನೆರಡು ಸಂಪುಟ. ಮುಳುಗಡೆಯಾದ ಊರುಗಳ ನೋವನ್ನು ಮಕ್ಕಳಿಗೆ ತಿಳಿಯುವಂತೆ ಬರೆದ ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' ಏಳನೇ ತರಗತಿಯವರಿಗೆ ಸರಿಯಾಗುತ್ತದೆ.

ಮಕ್ಕಳ ಪುಸ್ತಕ ಹರಿಯುತ್ತದೆ. ಹರಿಯಲಿ. ಹರಿದರೆ ಬೈಯುತ್ತಾರೆ ಎಂದು ಹೆದರಿ ಬೀರುವಿನಲ್ಲಿಟ್ಟು ಬೀಗ ಹಾಕಿದ ಚಿತ್ರಪುಸ್ತಕಗಳನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಅವು ಹೊಸದಾಗಿಯೇ ಉಳಿದಿದ್ದವು, ಮಕ್ಕಳು ಬೆಳೆದು ಹೋಗಿದ್ದರು. ಒಂದು ದಪ್ಪ ಸೂಜಿ, ದಾರ, ಅಂಟುಪಟ್ಟಿ ಮೇಜಿನಲ್ಲಿರಲಿ.

ಹಿರಿಯರಿಗೆ ಒಂದು ಖಾನೆ. ಇಲ್ಲಿ ತೆಳ್ಳಗಿರಬೇಕು ಎಂಬ ನನ್ನ ನಿಯಮವನ್ನು ನಾನೇ ಸಡಿಲಿಸುತ್ತೇನೆ, ಏಕೆಂದರೆ ಇಲ್ಲಿ ಕತೆ ಮೊದಲೇ ಗೊತ್ತಿದೆ. ಎ.ಆರ್. ಕೃಷ್ಣಶಾಸ್ತ್ರಿಗಳ 'ವಚನ ಭಾರತ' ಇಡೀ ಮಹಾಭಾರತವನ್ನು ತಿಳಿಯಾದ ಗದ್ಯದಲ್ಲಿ ಹೇಳುತ್ತದೆ. ಅದು ಬಂದದ್ದು 1950ರಲ್ಲಿ, ಈಗಲೂ ಅಷ್ಟು ಚೊಕ್ಕವಾದ ಇನ್ನೊಂದು ಸಿಕ್ಕುವುದು ಕಷ್ಟ. ಅದರ ಪಕ್ಕದಲ್ಲಿ ಕುಮಾರವ್ಯಾಸ. ನಿಮ್ಮ ಊರಿನಲ್ಲಿ ಭಾರತ ಓದಿ ಅರ್ಥ ಹೇಳುವವರು ಇನ್ನೂ ಇದ್ದರೆ ವಾರಕ್ಕೊಂದು ಸಂಜೆ ಅವರಿಗೆ ಕೊಡಿ. ಒಂದು ವಚನ ಸಂಕಲನ, ಒಂದು ದಾಸರ ಪದಗಳ ಪುಸ್ತಕ, ಡಿ.ವಿ.ಜಿ.ಯವರ 'ಮಂಕುತಿಮ್ಮನ ಕಗ್ಗ' ಇರಲಿ. ಕೊಳ್ಳುವಾಗ ಪುಸ್ತಕ ತೆರೆದು, ಕೈಯಳತೆ ದೂರದಲ್ಲಿ ಹಿಡಿದು ಅಕ್ಷರ ನೋಡಿ. ಅರವತ್ತು ದಾಟಿದವರಿಗೆ ಕನ್ನಡಕ ಹಾಕಿಯೂ ಕಾಣದ ಅಕ್ಷರದ ಪುಸ್ತಕ ಎಷ್ಟು ಅಗ್ಗವಾದರೂ ಬೇಡ.

ಇನ್ನು ಮನೆಗೆ ಕೊಡದೆ ಇಲ್ಲೇ ನೋಡಬೇಕಾದ ಪುಸ್ತಕಗಳು. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಎಂಟು ಸಂಪುಟ, ಒಂಬತ್ತು ಸಾವಿರ ಪುಟ ದಾಟುತ್ತದೆ. ಅದು ನಮ್ಮ ಹೆಮ್ಮೆ, ಆದರೆ ಈ ರ‍್ಯಾಕಿಗೆ ಅಲ್ಲ. ಪರಿಷತ್ತಿನದೇ 'ಸಂಕ್ಷಿಪ್ತ ಕನ್ನಡ ನಿಘಂಟು' ಒಂದೇ ಸಂಪುಟದಲ್ಲಿ ಸಿಗುತ್ತದೆ, ಅದನ್ನು ಕೊಳ್ಳಿ. ಒಂದು ಇಂಗ್ಲಿಷ್-ಕನ್ನಡ ನಿಘಂಟು, ಒಂದು ಭೂಪಟ ಪುಸ್ತಕ, ಕನ್ನಡದಲ್ಲಿರುವ ಭಾರತದ ಸಂವಿಧಾನ, ಪಂಚಾಯತ್ ರಾಜ್ ಕಾಯ್ದೆ, 2005ರ ಮಾಹಿತಿ ಹಕ್ಕು ಕಾಯ್ದೆ. ನಿಘಂಟನ್ನು ಖಾನೆಯಲ್ಲಿ ಇಡಬೇಡಿ, ಮೇಜಿನ ಮೇಲೆ ತೆರೆದೇ ಇರಲಿ.

ಈ ಬಗೆಯ ಪುಸ್ತಕಗಳಿಗೆ ವಯಸ್ಸಾಗುತ್ತದೆ ಎಂಬುದನ್ನು ಮರೆಯಬಾರದು. 'ಚೋಮನ ದುಡಿ' ಹಳತಾಗುವುದಿಲ್ಲ, ಕಾನೂನಿನ ಪುಸ್ತಕ ಹಳತಾಗುತ್ತದೆ. ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಗೆ ಬಂದಿದೆ. ಹಳೆಯ ಪುಸ್ತಕ ನೋಡಿ ಸೆಕ್ಷನ್ ಸಂಖ್ಯೆ ಹೇಳಿದರೆ ಠಾಣೆಯಲ್ಲಿ ದಾರಿ ತಪ್ಪುತ್ತೀರಿ. ಕೃಷಿ ಕೈಪಿಡಿಯ ವಿಷಯದಲ್ಲಂತೂ ಪ್ರಾಣಕ್ಕೇ ಸಂಬಂಧ. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟು ತಡೆದದ್ದು 2011ರಲ್ಲಿ. ಅದಕ್ಕೂ ಮೊದಲಿನ ಕೈಪಿಡಿಯಲ್ಲಿ ಅದನ್ನೇ ಸಿಂಪಡಿಸಿ ಎಂದು ಇರಬಹುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರಾಗಿ, ಅವರೆ, ತೆಂಗಿನ ಬೇಸಾಯದ ಪುಸ್ತಕಗಳನ್ನು ಪ್ರಕಟಿಸುತ್ತದೆ. ಕೃಷಿಮೇಳಕ್ಕೆ ಹೋಗುವವರು ಹೊಸ ಮುದ್ರಣವನ್ನೇ ಕೇಳಿ ತನ್ನಿ.

ಕೆಲಸದ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಇಲ್ಲಿ ಕೂತಿದ್ದೀರಿ. ನಿಮ್ಮದು ನಿಜವಾದ ಬೇಡಿಕೆ, ಅದನ್ನು ಕೀಳಾಗಿ ಕಾಣುವವನಲ್ಲ ನಾನು. ಆದರೆ ಗೈಡುಗಳಿಂದ ರ‍್ಯಾಕು ತುಂಬಿದರೆ ಎರಡು ವರ್ಷಕ್ಕೆ ಎಲ್ಲವೂ ರದ್ದಿಯಾಗುತ್ತವೆ. ಒಂದು ಸುಲಭ ಪರೀಕ್ಷೆ ಹೇಳುತ್ತೇನೆ. ಸಾಮಾನ್ಯ ಜ್ಞಾನದ ಪುಸ್ತಕ ಕೈಗೆ ಬಂದರೆ ಕರ್ನಾಟಕಕ್ಕೆ ಎಷ್ಟು ಜಿಲ್ಲೆ ಎಂದಿದೆ ನೋಡಿ. ಮೂವತ್ತು ಎಂದಿದ್ದರೆ ಅದು 2021ರಲ್ಲಿ ವಿಜಯನಗರ ಜಿಲ್ಲೆ ಆಗುವುದಕ್ಕೆ ಮೊದಲಿನದು, ಪಕ್ಕಕ್ಕಿಡಿ. ಆರರಿಂದ ಹತ್ತನೇ ತರಗತಿಯವರೆಗಿನ ಸಮಾಜ ವಿಜ್ಞಾನ, ವಿಜ್ಞಾನ ಪಠ್ಯಪುಸ್ತಕಗಳ ಎರಡೆರಡು ಸೆಟ್ಟು ಇರಲಿ. ಬುನಾದಿ ಗಟ್ಟಿಯಾಗುವುದು ಅದರಿಂದ. ಗೈಡು ಒಂದೆರಡು ಸಾಕು, ಈ ವರ್ಷದ್ದು, ಇಲ್ಲೇ ಕೂತು ಓದುವುದಕ್ಕೆ.

ಮೇಲಿನ ಕೊನೆಯ ಖಾನೆಯನ್ನು ನಿಮ್ಮ ಊರಿಗೇ ಬಿಡಿ. ಇಲ್ಲಿಗೆ ಬರುವಾಗ ದೇವಸ್ಥಾನದ ಹಿಂದೆ ಒಂದು ವೀರಗಲ್ಲು, ಅದರ ಪಕ್ಕ ಅಕ್ಷರ ಕೊರೆದ ಇನ್ನೊಂದು ಕಲ್ಲು ನೋಡಿದೆ. ಏನು ಬರೆದಿದೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ, ನಿಧಿ ಇರುವ ಜಾಗ ಎಂದು ಒಬ್ಬರು ಹೇಳಿದರು. ನಿಧಿಗಾಗಿ ಅಗೆದು ಹಾಳಾದ ಕಲ್ಲುಗಳು ನಮ್ಮ ನಾಡಿನಲ್ಲಿ ಲೆಕ್ಕವಿಲ್ಲದಷ್ಟಿವೆ. ಆದರೆ ಅದರ ಮೇಲೆ ಏನಿದೆ ಎಂದು ತಿಳಿಯುವ ದಾರಿ ಇದೆ.

ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಎಂಬ ಅಧಿಕಾರಿ ಮೈಸೂರು ಸಂಸ್ಥಾನದ ಹಳ್ಳಿ ಹಳ್ಳಿಯ ಶಾಸನಗಳನ್ನು ಓದಿಸಿ, 1886ರಿಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಹೆಸರಿನಲ್ಲಿ ಹನ್ನೆರಡು ಸಂಪುಟಗಳನ್ನು ಹೊರತಂದರು. ಜಿಲ್ಲೆವಾರು ಸಂಪುಟಗಳು. ತುಮಕೂರು ಜಿಲ್ಲೆಯದು ಹನ್ನೆರಡನೆಯದು. ಒಳಗೆ ತಾಲ್ಲೂಕಿನಂತೆ ವಿಂಗಡಿಸಿ, ಪ್ರತಿ ಶಾಸನಕ್ಕೂ ಒಂದು ಸಂಖ್ಯೆ ಕೊಟ್ಟು, ಅದು ಯಾವ ಊರಿನಲ್ಲಿ ಎಲ್ಲಿದೆ ಎಂದು ಬರೆದಿದ್ದಾರೆ. 'ಊರ ಮುಂದಿನ ಕಲ್ಲು', 'ಹೊಲದಲ್ಲಿರುವ ಕಲ್ಲು' ಎಂಬ ರೀತಿ. ಕನ್ನಡ ಲಿಪಿಯಲ್ಲಿ ಪಾಠವೂ ಇದೆ, ಇಂಗ್ಲಿಷ್ ಅನುವಾದವೂ ಇದೆ. ಮುಂದೆ ಮೈಸೂರು ವಿಶ್ವವಿದ್ಯಾಲಯ ಪರಿಷ್ಕರಿಸಿದ ಸಂಪುಟಗಳನ್ನೂ ತಂದಿತು. ಹಳೆಯ ಸಂಪುಟಗಳನ್ನು ಸ್ಕ್ಯಾನ್ ಮಾಡಿ ಅಂತರಜಾಲದಲ್ಲಿ ಬಿಟ್ಟಿದ್ದಾರೆ, ದುಡ್ಡು ಕೊಡಬೇಕಾಗಿಲ್ಲ.

ಮೇಷ್ಟ್ರೇ, ಹೈಸ್ಕೂಲಿನ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ನಿಮ್ಮ ತಾಲ್ಲೂಕಿನ ಭಾಗದಲ್ಲಿ ನಿಮ್ಮ ಊರಿನ ಹೆಸರು ಹುಡುಕಿ. ಹೆಸರು ಸ್ವಲ್ಪ ಬೇರೆಯಾಗಿ ಇರಬಹುದು, ಅಕ್ಕಪಕ್ಕದ ಊರಿನ ಹೆಸರಿನ ಕೆಳಗೂ ಇರಬಹುದು. ಸಿಕ್ಕಿದರೆ ಆ ಪುಟಗಳನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿಸಿ, ರಟ್ಟು ಹಾಕಿಸಿ ಈ ಖಾನೆಯಲ್ಲಿಡಿ. ಪಕ್ಕದಲ್ಲಿ ಸರಳ ಕನ್ನಡದಲ್ಲಿ ಅರ್ಥ ಬರೆಯಿರಿ. ಹೆಚ್ಚಿನ ಶಾಸನಗಳಲ್ಲಿ ಇರುವುದು ನಿಧಿಯ ಗುಟ್ಟಲ್ಲ. ಕೆರೆ ಕಟ್ಟಿಸಿದ್ದು, ಗದ್ದೆ ದಾನ ಕೊಟ್ಟದ್ದು, ದನ ಕದ್ದವರೊಡನೆ ಹೋರಾಡಿ ಒಬ್ಬ ಸತ್ತದ್ದು. ಸಿಗದಿದ್ದರೆ ಅದೂ ಉಪಯುಕ್ತ. ಕಲ್ಲಿನ ಸ್ಪಷ್ಟ ಫೋಟೋ ತೆಗೆದು ಪುರಾತತ್ವ ಇಲಾಖೆಗೋ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ಕಳಿಸಿ. ಓದುವ ಆಸೆಗೆ ಕಲ್ಲಿಗೆ ಸುಣ್ಣ ಬಳಿಯಬೇಡಿ, ಉಳಿಯಿಂದ ಕೆರೆಯಬೇಡಿ.

ಇದೇ ಖಾನೆಯಲ್ಲಿ ಪಂಚಾಯಿತಿಯ ಈ ವರ್ಷದ ಆಯವ್ಯಯ, ಕ್ರಿಯಾಯೋಜನೆ, ಫಲಾನುಭವಿಗಳ ಪಟ್ಟಿ ಇರಲಿ. ಯಾರು ಬೇಕಾದರೂ ತೆಗೆದು ನೋಡುವಂತಿರಲಿ. ಜೊತೆಗೆ ಉದ್ದನೆಯ ಖಾಲಿ ನೋಟ್‌ಬುಕ್ಕು ಎರಡು. ಸೋಬಾನೆ ಪದ, ಬೀಸುವ ಪದ ಬಲ್ಲ ಅಜ್ಜಿಯರು ಹಿಂದೆ ಕೂತಿದ್ದೀರಿ. ಮೊಮ್ಮಕ್ಕಳು ನಿಮ್ಮನ್ನು ಕೇಳಿ ಅದರಲ್ಲಿ ಬರೆದುಕೊಳ್ಳಲಿ. ಯಾರು ಹೇಳಿದ್ದು, ಯಾವ ದಿನ ಎಂದೂ ಬರೆಯಲಿ.

ದಾನದ ಪುಸ್ತಕ ಬರುತ್ತವೆ. ಬೇಡ ಎನ್ನುವುದು ಕಷ್ಟ. 'ಕೊಡಿ, ನೋಡಿ ಇಟ್ಟುಕೊಳ್ಳುತ್ತೇವೆ, ಉಳಿದದ್ದನ್ನು ಬೇರೆ ಕಡೆ ಕಳಿಸುತ್ತೇವೆ' ಎಂದು ಮೊದಲೇ ಹೇಳಿಬಿಡಿ. ಬಂದ ತಕ್ಷಣ ರ‍್ಯಾಕಿಗೆ ಏರಿಸಬೇಡಿ. ಎರಡು ವಾರ ಬೇರೆ ಪೆಟ್ಟಿಗೆಯಲ್ಲಿರಲಿ. ಹಾಳೆಗಳಲ್ಲಿ ಸಣ್ಣ ತೂತು, ಪುಡಿ ಬೀಳುವುದು, ಮುಗ್ಗಲು ವಾಸನೆ ಇದ್ದರೆ ಹೊರಗೇ ಇರಲಿ. ಇನ್ನೊಂದು ವಿಷಯ ಈ ಕಟ್ಟಡದ್ದು. ಹೊಸ ಗೋಡೆ, ಇನ್ನೂ ಪಸೆ ಆರಿಲ್ಲ. ರ‍್ಯಾಕನ್ನು ಗೋಡೆಗೆ ತಾಗಿಸಿದ್ದೀರಿ, ನಾಲ್ಕು ಅಂಗುಲ ಮುಂದಕ್ಕೆ ಎಳೆಯಿರಿ. ಮೊದಲ ಮಳೆಗಾಲದಲ್ಲಿ ಪುಸ್ತಕದ ಮೇಲೆ ಬೂದುಬಣ್ಣದ ಚುಕ್ಕೆ ಕಂಡರೆ ಅದು ಬೂಷ್ಟು. ಹೊರಗೆ ನೆರಳಿನಲ್ಲಿ ಗಾಳಿಗೆ ಹರಡಿ, ಒಣಬಟ್ಟೆಯಲ್ಲಿ ಒರೆಸಿ. ಗೋಡೆಯ ಮೂಲೆಯಲ್ಲಿ ಮಣ್ಣಿನ ಗೆರೆ ಏರಿದ್ದರೆ ಗೆದ್ದಲು, ಅಂದೇ ನೋಡಿ.

ಕೊನೆಗೆ, ಇಟ್ಟದ್ದು ಸರಿಯಾಯಿತೇ ಎಂದು ತಿಳಿಯುವುದು. ಎಸ್.ಆರ್. ರಂಗನಾಥನ್ ಎಂಬ ದೊಡ್ಡವರಿದ್ದರು. ಗಣಿತದ ಮೇಷ್ಟ್ರು, ಮಂಗಳೂರಿನಲ್ಲೂ ಪಾಠ ಮಾಡಿದವರು, ಕೊನೆಯ ದಿನಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ತೀರಿಕೊಂಡರು. ಗ್ರಂಥಾಲಯಕ್ಕೆ ಅವರು 1931ರಲ್ಲಿ ಐದು ಸೂತ್ರ ಹಾಕಿಕೊಟ್ಟರು. ಪುಸ್ತಕ ಇರುವುದು ಬಳಸಲಿಕ್ಕೆ ಎಂಬುದು ಮೊದಲನೆಯದು, ಪ್ರತಿ ಪುಸ್ತಕಕ್ಕೂ ಒಬ್ಬ ಓದುಗ ಸಿಗಬೇಕು ಎಂಬುದು ಮೂರನೆಯದು. ಆ ಮೂರನೆಯದನ್ನು ನಡೆಸಲು ಪ್ರತಿ ಪುಸ್ತಕದ ಕೊನೆಗೆ ಒಂದು ಚೀಟಿ ಅಂಟಿಸಿ, ಒಯ್ದ ದಿನಾಂಕ ಹಾಕ್ತಾ ಬನ್ನಿ. ಮೂರು ತಿಂಗಳಾದ ಮೇಲೆ ಎಲ್ಲ ಚೀಟಿ ತೆರೆದು ನೋಡಿ. ಒಂದೂ ದಿನಾಂಕ ಬೀಳದ ಪುಸ್ತಕವನ್ನು ಕಣ್ಣೆತ್ತರದ ಖಾನೆಗೆ ತಂದು, ಬಂದವರಿಗೆ ಅದರ ಬಗ್ಗೆ ಎರಡು ಮಾತು ಹೇಳಿ. ಇನ್ನೂ ಮೂರು ತಿಂಗಳು ಅಲುಗಾಡದಿದ್ದರೆ ಪಕ್ಕದ ಪಂಚಾಯಿತಿಯ ಗ್ರಂಥಾಲಯದ ಇನ್ನೊಂದು ಪುಸ್ತಕದೊಂದಿಗೆ ಬದಲಾಯಿಸಿಕೊಳ್ಳಿ. ಅಲ್ಲಿ ಅದಕ್ಕೆ ಓದುಗ ಇರಬಹುದು. ನಾನು ಹೇಳಿದ ಪುಸ್ತಕಕ್ಕೂ ಇದೇ ನಿಯಮ. ಪ್ರಾಧ್ಯಾಪಕರು ಹೇಳಿದರು ಎಂದು ಯಾವುದನ್ನೂ ಪೂಜೆಗಿಡಬೇಡಿ.

ಈ ಕಾರಣಕ್ಕೇ ಇರುವ ದುಡ್ಡನ್ನೆಲ್ಲ ಒಂದೇ ಸಲ ಖರ್ಚು ಮಾಡಬೇಡಿ. ಇಪ್ಪತ್ತು ಸಾವಿರ ಕೂಡಿಸಿದ್ದೇವೆ ಎಂದಿರಿ. ಅದರಲ್ಲಿ ಕಾಲು ಭಾಗ, ಐದು ಸಾವಿರ, ತೆಗೆದಿಡಿ. ಮೂರು ತಿಂಗಳ ಚೀಟಿ ನೋಡಿ, ಓದುಗರು ಏನು ಕೇಳಿದರು ನೋಡಿ, ಆಮೇಲೆ ಅದನ್ನು ಬಳಸಿ. ಮಿಕ್ಕ ಹದಿನೈದು ಸಾವಿರದಲ್ಲಿ ಮೊದಲು ಮಕ್ಕಳದು, ಆಮೇಲೆ ಕಣ್ಣೆತ್ತರದ ಖಾನೆ, ಆಮೇಲೆ ಮೇಜಿನ ಮೇಲಿನ ಪುಸ್ತಕಗಳು. ಇನ್ನೂರು ಪುಸ್ತಕ ಇಷ್ಟರಲ್ಲಿ ಬರುವುದಿಲ್ಲ, ನೂರೋ ನೂರಿಪ್ಪತ್ತೋ ಬರಬಹುದು, ಅರ್ಧ ರ‍್ಯಾಕು ಖಾಲಿ ಉಳಿಯಬಹುದು. ಉಳಿಯಲಿ. ಕನ್ನಡ ಪುಸ್ತಕ ಪ್ರಾಧಿಕಾರ ರಿಯಾಯಿತಿ ದರದಲ್ಲಿ ಮಾರುತ್ತದೆ, ಅಲ್ಲಿ ಮೊದಲು ವಿಚಾರಿಸಿ.

ಮೇಜಿನ ಮೇಲೆ ಒಂದು ನೋಟ್‌ಬುಕ್ಕು ಇಡಲು ಹೇಳಿದ್ದೇನೆ. ಊಟಕ್ಕೆ ಹೋಗುವ ಮೊದಲು ನಿಮ್ಮ ಹೆಸರು ಬರೆದು, ಓದಬೇಕೆಂದಿರುವ ಒಂದು ಪುಸ್ತಕ ಬರೆಯಿರಿ. ಪುಸ್ತಕದ ಹೆಸರು ಗೊತ್ತಿಲ್ಲದಿದ್ದರೆ ವಿಷಯ ಬರೆಯಿರಿ, ಕುರಿ ಸಾಕಣೆ ಎಂದೋ ಹೆಂಗಸರ ಕತೆ ಎಂದೋ. ಬರೆಯಲು ಬಾರದವರು ಮಕ್ಕಳ ಕೈಲಿ ಬರೆಸಿ. ಅಧ್ಯಕ್ಷರು ನನ್ನ ಪಟ್ಟಿಗಿಂತ ಮೊದಲು ಆ ಪಟ್ಟಿಯನ್ನು ಅಂಗಡಿಗೆ ಒಯ್ಯಲಿ.